ಕಾರಿನ ಬ್ಲೂಟೂತ್ ಕನ್ನಡ ಸಂದೇಶ ಓದಿ ಹೇಳುವಂತೆ ಮಾಡುವುದು, ಕೈ ಮುಟ್ಟದೆ ಉತ್ತರಿಸುವುದು

ನನ್ನ ಕಾರು ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಅದರ ಸ್ಟೀರಿಯೊದಲ್ಲಿ ದೊಡ್ಡ ಪರದೆ ಇಲ್ಲ, ಎರಡು ಸಾಲಿನ ಅಕ್ಷರ ತೋರಿಸುವ ಪಟ್ಟಿಯೊಂದಿದೆ. ಬ್ಲೂಟೂತ್ ಇದೆ, ಸ್ಟೀರಿಂಗ್ ಮೇಲೆ ಕರೆ ಸ್ವೀಕರಿಸುವ ಗುಂಡಿ ಇದೆ. ಇಷ್ಟೇ ಇರುವ ಕಾರಿನಲ್ಲಿ, ಅಕ್ಕ ಕನ್ನಡದಲ್ಲಿ ಕಳುಹಿಸಿದ ವಾಟ್ಸಾಪ್ ಸಂದೇಶವನ್ನು ಸ್ಪೀಕರ್‌ನಲ್ಲಿ ಕೇಳಿ, ಬಾಯಲ್ಲೇ ಉತ್ತರ ಹೇಳಿ ಕಳುಹಿಸುವುದು ಸಾಧ್ಯ. ಅದಕ್ಕೆ ಬೇಕಾದ ಹೊಂದಿಕೆಯನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಆಂಡ್ರಾಯ್ಡ್ ಫೋನ್ ಮತ್ತು ಸಾದಾ ಬ್ಲೂಟೂತ್ ಸ್ಟೀರಿಯೊ ಇರುವವರಿಗಾಗಿ ಇದು. ಐಫೋನ್ ಮತ್ತು ಆಂಡ್ರಾಯ್ಡ್ ಆಟೋ ಬಗ್ಗೆ ಕೊನೆಯ ಭಾಗದಲ್ಲಿ ಚುಟುಕಾಗಿ ಹೇಳಿದ್ದೇನೆ.

ಎಲ್ಲ ಹಂತಗಳನ್ನೂ ಕಾರು ನಿಂತಿರುವಾಗಲೇ, ಮನೆಯ ಮುಂದೆಯೇ ಮುಗಿಸಿ. ಅರ್ಧ ಗಂಟೆ ಸಾಕಾಗುತ್ತದೆ. ಒಂದೊಂದು ಪರೀಕ್ಷೆಗೂ ಸಂದೇಶ ಕಳುಹಿಸಲು ಮನೆಯವರೊಬ್ಬರು ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ.

ಓದಬೇಕಾದ್ದು ಕಾರಲ್ಲ, ಫೋನ್

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಬ್ಲೂಟೂತ್ ಎನ್ನುವುದು ಒಂದೇ ಕೊಳವೆಯಲ್ಲ. ಕರೆಗೆ ಒಂದು ದಾರಿ, ಹಾಡಿಗೆ ಇನ್ನೊಂದು, ಫೋನ್‌ನಲ್ಲಿರುವ ಹೆಸರುಗಳ ಪಟ್ಟಿಗೆ ಮತ್ತೊಂದು. ಸಂದೇಶಗಳಿಗೂ ಒಂದು ಪ್ರತ್ಯೇಕ ದಾರಿ ಇದೆ, ಅದರ ಹೆಸರು ಎಂಎಪಿ. ಆ ದಾರಿಯಲ್ಲಿ ಫೋನ್ ತನಗೆ ಬಂದ ಸಂದೇಶವನ್ನು ಅಕ್ಷರರೂಪದಲ್ಲೇ ಕಾರಿಗೆ ಒಪ್ಪಿಸುತ್ತದೆ, ಕಾರು ಅದನ್ನು ತನ್ನದೇ ಧ್ವನಿಯಲ್ಲಿ ಓದುತ್ತದೆ. ಕಾರಿನ ಕೈಪಿಡಿಯಲ್ಲಿ ‘ಸಂದೇಶ ಓದುವ ಸೌಲಭ್ಯ’ ಎಂದಿರುವುದು ಸಾಮಾನ್ಯವಾಗಿ ಇದನ್ನೇ.

ನಮ್ಮಲ್ಲಿ ಇದರಿಂದ ಆಗುವ ಉಪಯೋಗ ಬಹಳ ಕಡಿಮೆ. ಈ ದಾರಿಯಲ್ಲಿ ಹೋಗುವುದು ಹೆಚ್ಚಾಗಿ ಎಸ್‌ಎಂಎಸ್. ನಮ್ಮ ಫೋನ್‌ಗಳಿಗೆ ಬರುವ ಎಸ್‌ಎಂಎಸ್ ಎಂದರೆ ಬ್ಯಾಂಕಿನ ಜಮೆ ಖರ್ಚು, ಒಟಿಪಿ, ಜಾಹೀರಾತು. ಮನೆಯವರ ಮಾತೆಲ್ಲ ಇರುವುದು ವಾಟ್ಸಾಪ್‌ನಲ್ಲಿ. ಮೇಲಾಗಿ ಹಳೆಯ ಸ್ಟೀರಿಯೊಗಳಿಗೆ ಕನ್ನಡ ಅಕ್ಷರಗಳೇ ಗೊತ್ತಿರುವುದಿಲ್ಲ, ಪರದೆಯ ಮೇಲೆ ಖಾಲಿ ಚೌಕಗಳು ಮೂಡುತ್ತವೆ. ಹೀಗಾಗಿ ನನ್ನ ಸಲಹೆ ಇದು: ಓದುವ ಕೆಲಸವನ್ನು ಫೋನ್‌ಗೆ ಬಿಡಿ, ಕಾರನ್ನು ಬರೀ ಸ್ಪೀಕರ್ ಆಗಿ ಬಳಸಿ. ಫೋನ್‌ಗೆ ಕನ್ನಡ ಓದಲು ಬರುತ್ತದೆ. ಆ ಧ್ವನಿ ಹಾಡಿನ ದಾರಿಯಲ್ಲೇ ಕಾರಿಗೆ ಹೋಗುತ್ತದೆ.

ಹಾಗಾಗಿ ಫೋನ್‌ನ `Settings` ತೆರೆದು `Connected devices` ಒಳಗೆ ಕಾರಿನ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿ. `Phone calls`, `Media audio` ಎರಡೂ ಚಾಲೂ ಇರಲಿ. `Text messages` ಎಂಬುದು ಕಂಡರೆ ಅದನ್ನು ಆಫ್ ಮಾಡಿಬಿಡಿ. ಹಾಗೆ ಮಾಡಿದರೆ ಒಟಿಪಿಗಳು ಕಾರಿನ ಪಟ್ಟಿಯ ಮೇಲೆ ಹರಿದಾಡುವುದೂ ನಿಲ್ಲುತ್ತದೆ.

ಕನ್ನಡದ ಧ್ವನಿಯನ್ನು ಇಳಿಸಿಕೊಳ್ಳುವುದು

ಫೋನ್‌ನ ಓದುವ ಧ್ವನಿ ಇಂಗ್ಲಿಷಿನದಾಗಿದ್ದರೆ ಕನ್ನಡ ಅಕ್ಷರಗಳು ಬಂದಾಗ ಅದು ಕಳುಹಿಸಿದವರ ಹೆಸರು ಹೇಳಿ ಸುಮ್ಮನಾಗಬಹುದು, ಇಲ್ಲವೇ ಏನೋ ತೊದಲಬಹುದು. ‘ಬ್ಲೂಟೂತ್ ಕೆಟ್ಟಿದೆ’ ಎಂದು ಅನೇಕರು ತಿಳಿಯುವುದು ಇದನ್ನೇ.

ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆ ಒಂದೊಂದು ಫೋನ್‌ನಲ್ಲಿ ಒಂದೊಂದು ಕಡೆ ಅಡಗಿರುತ್ತದೆ. ಹುಡುಕುವ ಬದಲು ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕಾಟದಲ್ಲಿ `Text-to-speech` ಎಂದು ಟೈಪ್ ಮಾಡಿ. ಒಳಗೆ ಗೂಗಲ್‌ನ ಎಂಜಿನ್ ಆಯ್ಕೆಯಾಗಿದೆಯೇ ನೋಡಿ, ಅದರ ಪಕ್ಕದ ಗೇರ್ ಒತ್ತಿ `Install voice data` ಆರಿಸಿ, ಪಟ್ಟಿಯಲ್ಲಿ ಕನ್ನಡವನ್ನು ಇಳಿಸಿಕೊಳ್ಳಿ. ಹಿಂದಿನ ಪುಟಕ್ಕೆ ಬಂದು ಭಾಷೆಯನ್ನು ಕನ್ನಡವೆಂದು ನಿಗದಿಪಡಿಸಿ. ಧ್ವನಿಯನ್ನು ಫೋನ್‌ಗೇ ಇಳಿಸಿಕೊಂಡಿದ್ದರೆ ಘಟ್ಟದ ರಸ್ತೆಯಲ್ಲಿ ಸಿಗ್ನಲ್ ಬಂದು ಹೋಗುತ್ತಿದ್ದರೂ, ತಲುಪಿದ ಸಂದೇಶವನ್ನು ಓದಲು ತೊಡಕಾಗುವುದಿಲ್ಲ. ಓದುವ ವೇಗವನ್ನು ಒಂದು ಗೆರೆಯಷ್ಟು ಕಡಿಮೆ ಮಾಡಿ. ಟೈರಿನ ಸದ್ದಿನ ನಡುವೆ ಕೇಳಿಸಿಕೊಳ್ಳುವುದು ಮನೆಯಲ್ಲಿ ಕೇಳಿದಷ್ಟು ಸುಲಭವಲ್ಲ.

ಇನ್ನೊಂದು ತೊಡಕು ಕಳುಹಿಸುವವರ ಕಡೆಯದು. ‘oota aytha’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವನ್ನು ಯಾವ ಧ್ವನಿಯೂ ನೆಟ್ಟಗೆ ಓದುವುದಿಲ್ಲ. ಇದಕ್ಕೆ ಫೋನ್‌ನಲ್ಲಿ ಮದ್ದಿಲ್ಲ, ಬರೆಯುವವರಲ್ಲಿ ಇದೆ. ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸುವಾಗ ‘abc’ ಎಂದು ತೋರಿಸುವ ವಿನ್ಯಾಸವೊಂದು ಇದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ oota ಎಂದು ಒತ್ತಿದರೆ ‘ಊಟ’ ಎಂದು ಮೂಡುತ್ತದೆ. ಅಕ್ಕನ ಫೋನ್‌ನಲ್ಲಿ ಅದನ್ನು ನಾನೇ ಕುಳಿತು ಹೊಂದಿಸಿಕೊಟ್ಟೆ. ಅವಳ ಬೆರಳಿನ ಅಭ್ಯಾಸ ಬದಲಾಗಲಿಲ್ಲ, ನನ್ನ ಕಾರಿನಲ್ಲಿ ಕನ್ನಡ ಕೇಳಿಸತೊಡಗಿತು.

ಸಂದೇಶ ಬಂದಾಗ ತಾನಾಗಿ ಓದುವಂತೆ ಮಾಡುವುದು

ಧ್ವನಿ ಸಿದ್ಧವಾದರೂ ಫೋನ್ ತಾನಾಗಿ ಓದುವುದಿಲ್ಲ. ಪರದೆಯ ಮೇಲೆ ಬರುವ ಸೂಚನೆಗಳನ್ನು ಹಿಡಿದು ಓದಿಸುವ ಆಪ್ ಒಂದು ಬೇಕು. ನಾನು ಬಳಸುವುದು Voice Notify. ಅದು ಉಚಿತ, ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಇಂಥ ಆಪ್‌ಗೆ ಸೂಚನೆಗಳನ್ನು ಓದುವ ಅನುಮತಿ ಕೊಡಲೇಬೇಕಾಗುತ್ತದೆ, ಆ ಅನುಮತಿ ಇದ್ದವರಿಗೆ ನಿಮ್ಮ ಖಾಸಗಿ ಮಾತೆಲ್ಲ ಕಾಣುತ್ತದೆ. ಆದ್ದರಿಂದ ಗುರುತು ಪರಿಚಯವಿಲ್ಲದ, ಜಾಹೀರಾತು ತುಂಬಿದ ಆಪ್‌ಗೆ ಅದನ್ನು ಕೊಡಬೇಡಿ.

ಆಪ್ ಹಾಕಿಕೊಂಡ ಮೇಲೆ ಮೊದಲ ಕೆಲಸ, ಅದರ ಒಳಗೇ ಎಲ್ಲ ಆಪ್‌ಗಳ ಸೂಚನೆಯನ್ನೂ ಆಫ್ ಮಾಡಿ ವಾಟ್ಸಾಪ್ ಒಂದನ್ನೇ ಉಳಿಸುವುದು. ಬ್ಯಾಂಕು, ಎಸ್‌ಎಂಎಸ್, ಮಿಂಚಂಚೆ, ಊಟ ತರಿಸುವ ಆಪ್ ಯಾವುದೂ ಬೇಡ. ಹಿಂದಿನ ಸೀಟಿನಲ್ಲಿ ಯಾರಾದರೂ ಕುಳಿತಿರುವಾಗ ಒಟಿಪಿ, ಖಾತೆಯ ಬಾಕಿ ಮೊತ್ತ ಸ್ಪೀಕರ್‌ನಲ್ಲಿ ಮೊಳಗಬಾರದು. ಎರಡನೆಯದು, ಹೆಡ್‌ಸೆಟ್ ಜೋಡಣೆಯಾಗಿರುವಾಗ ಮಾತ್ರ ಓದು ಎಂಬ ಆಯ್ಕೆ. ಕಾರಿನ ಬ್ಲೂಟೂತ್ ಕೂಡ ಇದರಲ್ಲಿ ಹೆಡ್‌ಸೆಟ್ ಎಂದೇ ಲೆಕ್ಕ. ಇದನ್ನು ಹಾಕದಿದ್ದರೆ ಕಚೇರಿಯ ಸಭೆಯಲ್ಲೂ ಫೋನ್ ಓದತೊಡಗುತ್ತದೆ. ಮೂರನೆಯದು, ಓದುವ ಉದ್ದಕ್ಕೆ ಮಿತಿ. ನೂರು ಅಕ್ಷರ ಸಾಕು. ಯಾರೋ ಮುಂದಕ್ಕೆ ಕಳುಹಿಸಿದ ಎರಡು ಪುಟದ ಆರೋಗ್ಯ ಸಲಹೆಯನ್ನು ಚಾಲಕನ ಕಿವಿಗೆ ಸುರಿಯುವ ಅಗತ್ಯವಿಲ್ಲ.

ವಾಟ್ಸಾಪ್‌ನಿಂದ ನಿಜವಾದ ಸಂದೇಶಗಳಷ್ಟೇ ಅಲ್ಲ, ‘Checking for new messages’ ಎಂಬ ಸೂಚನೆಯೂ ಬರುತ್ತದೆ. ಇಬ್ಬರು ಮೂವರು ಒಟ್ಟಿಗೆ ಬರೆದರೆ ಇಷ್ಟು ಮಾತುಕತೆಗಳಿಂದ ಇಷ್ಟು ಸಂದೇಶ ಎಂಬ ಲೆಕ್ಕವೂ ಬರುತ್ತದೆ. ಇವನ್ನು ಓದದಿರಲು, ಆಪ್‌ನಲ್ಲಿ ‘ಈ ಪದಗಳಿದ್ದರೆ ಬಿಟ್ಟುಬಿಡು’ ಎನ್ನುವ ಜಾಗದಲ್ಲಿ `Checking for` ಮತ್ತು `messages from` ಎಂದು ಸೇರಿಸಿ. ಗದ್ದಲದ ಕುಟುಂಬ ಗುಂಪುಗಳನ್ನು ವಾಟ್ಸಾಪ್‌ನಲ್ಲೇ ಆರ್ಕೈವ್ ಮಾಡಿ. ಆರ್ಕೈವ್ ಆದ ಗುಂಪಿನಿಂದ, ನಿಮ್ಮನ್ನು ಹೆಸರಿಸಿದಾಗ ಅಥವಾ ನಿಮಗೇ ಉತ್ತರಿಸಿದಾಗ ಬಿಟ್ಟರೆ, ಸೂಚನೆ ಬರುವುದಿಲ್ಲ.

ಆಮೇಲೆ ಬ್ಯಾಟರಿಯ ವಿಷಯ. ಬ್ಯಾಟರಿ ಉಳಿಸುವ ನೆಪದಲ್ಲಿ ಹಲವು ಫೋನ್‌ಗಳು ಹಿನ್ನೆಲೆಯ ಆಪ್‌ಗಳನ್ನು ಮಲಗಿಸಿಬಿಡುತ್ತವೆ. ಊರು ಬಿಡುವವರೆಗೆ ಓದುತ್ತಿದ್ದ ಫೋನ್ ಅರ್ಧ ಗಂಟೆಯ ನಂತರ ಮೌನವಾದರೆ ಕಾರಣ ಬಹುತೇಕ ಇದೇ. ಆಪ್‌ನ ಮಾಹಿತಿ ಪುಟಕ್ಕೆ ಹೋಗಿ ಬ್ಯಾಟರಿ ಬಳಕೆಯನ್ನು `Unrestricted` ಎಂದು ಬದಲಿಸಿ.

ಧ್ವನಿ ಕೇಳದಿದ್ದಾಗ

ಪರೀಕ್ಷೆ ಶುರುಮಾಡಿ. ಕಾರಿನ ಕೀಲಿ ತಿರುಗಿಸಿ, ಫೋನ್ ಜೋಡಣೆಯಾಗಲಿ, ಮನೆಯವರು ಒಂದು ಸಂದೇಶ ಕಳುಹಿಸಲಿ. ಏನೂ ಕೇಳದಿದ್ದರೆ ಮೊದಲು ಸ್ಟೀರಿಯೊದಲ್ಲಿ ಏನು ಓಡುತ್ತಿದೆ ನೋಡಿ. ಎಫ್‌ಎಂ ಅಥವಾ ಪೆನ್‌ಡ್ರೈವ್ ಹಾಡು ಓಡುತ್ತಿದ್ದರೆ ಹಾಡಿನ ದಾರಿಯಲ್ಲಿ ಬಂದ ಫೋನ್‌ನ ಧ್ವನಿಗೆ ಬಾಗಿಲೇ ತೆರೆದಿರುವುದಿಲ್ಲ. ಕರೆ ಬಂದರೆ ಮಾತ್ರ ಸ್ಟೀರಿಯೊ ತಾನಾಗಿ ಎಫ್‌ಎಂ ನಿಲ್ಲಿಸುತ್ತದೆ, ಸಂದೇಶಕ್ಕೆ ನಿಲ್ಲಿಸುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಸ್ಟೀರಿಯೊವನ್ನು ಬ್ಲೂಟೂತ್ ಆಡಿಯೊಗೆ ಇಟ್ಟು, ಹಾಡು ಬೇಕೆಂದರೆ ಅದನ್ನೂ ಫೋನ್‌ನಿಂದಲೇ ಹಾಕಿ.

ಕೇಳಿಸಿದರೂ ಮೊದಲ ಪದ ನುಂಗಿಹೋಗುವುದು ಇನ್ನೊಂದು ಸಾಮಾನ್ಯ ದೋಷ. ಹಾಡಿಲ್ಲದೆ ಸುಮ್ಮನಿದ್ದ ಸ್ಟೀರಿಯೊ ಎಚ್ಚರವಾಗಲು ಒಂದು ಕ್ಷಣ ಹಿಡಿಯುತ್ತದೆ, ಅಷ್ಟರಲ್ಲಿ ಹೆಸರು ಹೋಗಿರುತ್ತದೆ. ‘…ಕಾಯಲಾ?’ ಎಂದಷ್ಟೇ ಕೇಳಿದರೆ ಕೇಳಿದವರು ಯಾರು? ಇದಕ್ಕೆ ಸುಲಭ ಉಪಾಯವಿದೆ. ಆಪ್‌ನಲ್ಲಿ ಏನನ್ನು ಯಾವ ಕ್ರಮದಲ್ಲಿ ಓದಬೇಕು ಎಂದು ಬರೆಯುವ ಜಾಗದಲ್ಲಿ, ಎಲ್ಲಕ್ಕಿಂತ ಮುಂದೆ ‘ಹೊಸ ಸಂದೇಶ ಬಂದಿದೆ’ ಎಂದು ಸೇರಿಸಿ. ನುಂಗಿಹೋಗುವುದು ಆ ಪದಗಳು, ಹೆಸರು ಉಳಿಯುತ್ತದೆ.

ಹೆಸರು ಕೇಳಿಸಿ ವಿಷಯ ಕೇಳಿಸದಿದ್ದರೆ ವಾಟ್ಸಾಪ್‌ನ ಬೀಗವನ್ನು ನೋಡಿ. ಬೆರಳಚ್ಚಿನ ಬೀಗ ಹಾಕಿದ್ದವರು `Privacy` ಒಳಗಿನ ಬೀಗದ ಪುಟದಲ್ಲಿ `Show content in notifications` ಚಾಲೂ ಮಾಡಬೇಕು. ಅದು ಆರಿದ್ದರೆ ಸೂಚನೆಯಲ್ಲಿ ಸಂದೇಶವೇ ಇರುವುದಿಲ್ಲ, ಇಲ್ಲದ್ದನ್ನು ಯಾವ ಆಪ್ ಓದೀತು? ಧ್ವನಿ ಸಂದೇಶ, ಚಿತ್ರ ಬಂದಾಗಲೂ ಅದು ಬಂದಿದೆ ಎಂದಷ್ಟೇ ತಿಳಿಯುತ್ತದೆ. ಅವುಗಳಿಗಾಗಿ ಕಾರು ನಿಲ್ಲುವವರೆಗೆ ಕಾಯಲೇಬೇಕು.

ಉತ್ತರ ಹೇಳುವುದು: ಮೈಕ್ ಮೊದಲು

ಕೇಳುವುದು ಸಲೀಸು, ಹೇಳಿ ಬರೆಸುವುದೇ ಕಷ್ಟದ ಭಾಗ. ಸ್ಟೀರಿಂಗ್ ಮೇಲಿನ ಕರೆ ಗುಂಡಿಯನ್ನು ಅಥವಾ ಧ್ವನಿ ಆದೇಶದ ಗುಂಡಿಯನ್ನು ಒತ್ತಿ ಹಿಡಿದರೆ ಹೆಚ್ಚಿನ ಕಾರುಗಳು ಫೋನ್‌ನ ಧ್ವನಿ ಆದೇಶವನ್ನು ಎಬ್ಬಿಸುತ್ತವೆ. ಒಂದು ಸದ್ದು ಬರುತ್ತದೆ, ಆಮೇಲೆ ಯಾರಿಗೆ ಏನು ಕಳುಹಿಸಬೇಕೆಂದು ಹೇಳಬೇಕು. ಫೋನ್ ನೀವು ಹೇಳಿದ್ದನ್ನು ತಿರುಗಿ ಓದಿ, ಕಳುಹಿಸಲೇ ಎಂದು ಕೇಳುತ್ತದೆ. ತಿರುಗಿ ಓದುವ ಈ ಹಂತವನ್ನು ತಪ್ಪಿಸುವ ಆಯ್ಕೆ ಎಲ್ಲಿ ಕಂಡರೂ ಅದನ್ನು ಆಫ್ ಮಾಡಿಯೇ ಇಡಿ.

ಆದರೆ ಗುಂಡಿ ಒತ್ತಿದಾಗ ಧ್ವನಿ ಹೋಗುವುದು ಹಾಡಿನ ದಾರಿಯಲ್ಲಲ್ಲ, ಕರೆಯ ದಾರಿಯಲ್ಲಿ. ಹಳೆಯ ಸ್ಟೀರಿಯೊಗಳಲ್ಲಿ ಆ ದಾರಿ ಹಳೆಯ ಟೆಲಿಫೋನಿನಷ್ಟೇ ಕಿರಿದು, ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನ ಸದ್ದು ಅದರಲ್ಲಿ ದಾಟುವುದಿಲ್ಲ. ನಮ್ಮ ಸ, ಶ, ಫ ಅಕ್ಷರಗಳ ಗುರುತಿನ ದೊಡ್ಡ ಪಾಲು ಇರುವುದು ಅದಕ್ಕಿಂತ ಮೇಲೆಯೇ. ಅದಕ್ಕೇ ಮನುಷ್ಯರು ಫೋನ್‌ನಲ್ಲಿ ‘ಸ, ಸರಸ್ವತಿಯ ಸ’ ಎಂದು ಬಿಡಿಸಿ ಹೇಳಬೇಕಾಗುವುದು. ಯಂತ್ರಕ್ಕೂ ಅದೇ ತೊಂದರೆ. ಮೈಕ್ ಎಸಿಯ ಗಾಳಿಗೆ ಎದುರಾಗಿದ್ದರೆ ಕೆಲಸ ಇನ್ನಷ್ಟು ಕೆಡುತ್ತದೆ.

ಗಾಜು ಏರಿಸಿ, ಎಸಿಯ ಗಾಳಿಯನ್ನು ಒಂದು ಹಂತ ಇಳಿಸಿ ನೋಡಿ. ಅದರಿಂದ ಆಗದಿದ್ದರೆ ಇನ್ನೊಂದು ದಾರಿಯಿದೆ. ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಕಾರಿನ `Phone calls` ಆಯ್ಕೆಯನ್ನು ಆಫ್ ಮಾಡಿದರೆ ಕೇಳಿಸುವ ಧ್ವನಿ ಕಾರಿನಲ್ಲೇ ಉಳಿಯುತ್ತದೆ, ಮಾತು ಹಿಡಿಯುವುದು ಮಾತ್ರ ಫೋನ್‌ನದೇ ಮೈಕ್ ಆಗುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಹೋಲ್ಡರ್‌ನಲ್ಲಿ ಫೋನ್ ಇದ್ದರೆ ಬರಹ ಎಷ್ಟೋ ಶುದ್ಧವಾಗುತ್ತದೆ. ಇದಕ್ಕೆ ಬೆಲೆಯೂ ಇದೆ: ಕರೆಗಳು ಕಾರಿನ ಸ್ಪೀಕರ್‌ಗೆ ಬರುವುದಿಲ್ಲ, ಸ್ಟೀರಿಂಗ್ ಗುಂಡಿಯಿಂದ ಫೋನ್ ಏಳುವುದಿಲ್ಲ, ಬಾಯಲ್ಲೇ ಕರೆದು ಎಬ್ಬಿಸಬೇಕು. ನನಗೆ ಕರೆಗಳೇ ಮುಖ್ಯವಾದ್ದರಿಂದ ನಾನು ಗುಂಡಿಯ ದಾರಿಯನ್ನೇ ಉಳಿಸಿಕೊಂಡಿದ್ದೇನೆ.

ಧ್ವನಿ ಆದೇಶದ ಭಾಷಾ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿ. ಅದು ಇಂಗ್ಲಿಷ್ ಒಂದನ್ನೇ ನಿರೀಕ್ಷಿಸುತ್ತಿದ್ದರೆ ನೀವು ಹೇಳಿದ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಆಗಿ ಹೋಗುತ್ತದೆ. ಆದೇಶವನ್ನು ಇಂಗ್ಲಿಷಿನಲ್ಲಿ ಕೊಡುವವರಾದರೆ, ಹೆಸರನ್ನು ‘ಅಕ್ಕ’ ಎಂದು ಕನ್ನಡದಲ್ಲಿ ಉಳಿಸಿದ್ದಾಗ ಹೊಂದಿಕೆಯಾಗದೆ ಬೇರೆ ಯಾರಿಗೋ ಹೋಗುವ ಅಪಾಯವಿದೆ. ಸಂಪರ್ಕ ಪಟ್ಟಿಯಲ್ಲಿ ಆ ಹೆಸರಿನ ಅಡ್ಡಹೆಸರಿನ ಜಾಗದಲ್ಲಿ `Akka` ಎಂದೂ ತುಂಬಿ, ಸರಿಯಾದ ವ್ಯಕ್ತಿಗೇ ಹೋಗುತ್ತದೆಯೇ ಎಂದು ಪರೀಕ್ಷಿಸಿ.

ಆಮೇಲೆ, ನಿಂತ ಕಾರಿನಲ್ಲೇ ಎಂಜಿನ್ ಮತ್ತು ಎಸಿ ಹಾಕಿಕೊಂಡು, ನೀವು ದಿನವೂ ಬಳಸುವ ಹತ್ತು ವಾಕ್ಯಗಳನ್ನು ಹೇಳಿ ನೋಡಿ. ಎಂಟು ಸರಿ ಬಂದರೆ ಕನ್ನಡದಲ್ಲಿ ಉತ್ತರಿಸಿ. ಐದಾರೇ ಸರಿ ಬಂದರೆ ಆ ಫೋನ್, ಆ ಕಾರಿನ ಜೋಡಿಯಲ್ಲಿ ಚಿಕ್ಕ ಇಂಗ್ಲಿಷ್ ವಾಕ್ಯವೇ ವಾಸಿ. ಚಲಿಸುವ ಕಾರಿನಲ್ಲಿ ತಿದ್ದುತ್ತಾ ಕೂರುವುದಕ್ಕಿಂತ ಕನ್ನಡವನ್ನು ಮನೆಗೆ ಹೋಗಿ ಮಾತನಾಡಬಹುದು.

ಬರಲ್ಲ ಮತ್ತು ಬರಲಾ

ಬರೆಸುವಾಗ ಕನ್ನಡಕ್ಕೇ ವಿಶಿಷ್ಟವಾದ ಅಪಾಯವೊಂದಿದೆ. ನಮ್ಮ ‘ಇಲ್ಲ’ ಬರುವುದು ಮಾತಿನ ಕೊನೆಯಲ್ಲಿ, ಅದೂ ಕ್ರಿಯಾಪದಕ್ಕೆ ಅಂಟಿಕೊಂಡು. ಆಡುವಾಗ ನಾವು ‘ಬರಲ್ಲ’ ಎನ್ನುತ್ತೇವೆ. ಲಕಾರದ ಒತ್ತು ಸಡಿಲವಾಗಿ, ಕೊನೆಯ ಸ್ವರ ಸ್ವಲ್ಪ ಎಳೆದರೆ ಅದು ‘ಬರಲಾ’ ಎಂದು ದಾಖಲಾಗುತ್ತದೆ. ಬರುವುದಿಲ್ಲ ಎಂದು ಹೇಳಿದ್ದು ‘ಬರಲೇ?’ ಎಂದು ಕೇಳಿದಂತಾಗುತ್ತದೆ. ನಾನೊಮ್ಮೆ ಹೀಗೆ ಕಳುಹಿಸಿದ್ದೆ. ಅಕ್ಕ ‘ಬಾ’ ಎಂದು ಉತ್ತರಿಸಿ, ನಾಲ್ಕು ಜನರಿಗೆ ಅಡುಗೆ ಮಾಡಿ ಕಾದಿದ್ದಳು. ತಿರುಗಿ ಓದಿದಾಗ ನಾನು ಕಿವಿಗೊಟ್ಟಿರಲಿಲ್ಲ.

ಅಂದಿನಿಂದ ಬರೆಸುವಾಗ ‘ಬರುವುದಿಲ್ಲ’, ‘ಆಗುವುದಿಲ್ಲ’ ಎಂದು ಪೂರ್ಣ ರೂಪವನ್ನೇ ಬಿಡಿಸಿ ಹೇಳುತ್ತೇನೆ. ಸಮಯವನ್ನೂ ಹಾಗೆಯೇ. ‘ಏಳೂವರೆ’ಯ ಬಾಲ ಕಳಚಿ ‘ಏಳು’ ಉಳಿಯಬಹುದು. ‘ಏಳು ಗಂಟೆ ಮೂವತ್ತು ನಿಮಿಷಕ್ಕೆ’ ಎಂದರೆ ಅರ್ಧ ನುಂಗಿಹೋದರೂ ಏನೋ ತಪ್ಪಾಗಿದೆ ಎಂದು ಓದುವವರಿಗೆ ಗೊತ್ತಾಗುತ್ತದೆ. ಒಂದು ಉತ್ತರಕ್ಕೆ ಒಂದೇ ವಾಕ್ಯ. ಎರಡು ವಾಕ್ಯವಾದರೆ ನಡುವಿನ ಚುಕ್ಕಿ ಬೀಳದೆ ಎರಡೂ ಬೆಸೆದುಕೊಳ್ಳುತ್ತವೆ.

ತಿರುಗಿ ಓದಿದ್ದು ತಪ್ಪಿದ್ದರೆ ಒಮ್ಮೆ ಮಾತ್ರ ಮತ್ತೆ ಹೇಳಿ. ಎರಡನೇ ಸಲವೂ ತಪ್ಪಿದರೆ ರದ್ದು ಮಾಡಿ ಬಿಟ್ಟುಬಿಡಿ. ಯಂತ್ರದೊಂದಿಗೆ ಜಗಳಕ್ಕಿಳಿದ ಮನಸ್ಸು ರಸ್ತೆಯಲ್ಲಿರುವುದಿಲ್ಲ.

ಎಷ್ಟು ಸುರಕ್ಷಿತ?

ಕೈ ಮುಟ್ಟದಿದ್ದರೆ ಅಪಾಯವಿಲ್ಲ ಎಂದು ನಾನೂ ನಂಬಿದ್ದೆ. ರಸ್ತೆ ಸುರಕ್ಷತೆಯ ಅಧ್ಯಯನ ಮಾಡಿಸುವ ಅಮೆರಿಕದ ಎಎಎ ಫೌಂಡೇಶನ್‌ಗಾಗಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಧ್ವನಿ ಆದೇಶದಿಂದ ಸಂದೇಶ ಕಳುಹಿಸುವಂಥ ಕೆಲಸ ಮುಗಿದ ಮೇಲೂ ಚಾಲಕರ ಗಮನ ಪೂರ್ತಿ ಮರಳಲು ಕೆಲವು ವ್ಯವಸ್ಥೆಗಳಲ್ಲಿ 27 ಸೆಕೆಂಡುಗಳವರೆಗೂ ಹಿಡಿಯಿತು ಎಂದು ಅದು ಕಂಡುಕೊಂಡಿತು. ಗಂಟೆಗೆ 40 ಕಿ.ಮೀ. ವೇಗದಲ್ಲಿ 27 ಸೆಕೆಂಡಿಗೆ ಕಾರು 300 ಮೀಟರ್ ಸಾಗಿರುತ್ತದೆ. 100 ಕಿ.ಮೀ. ವೇಗದಲ್ಲಿ 750 ಮೀಟರ್.

ಆದ್ದರಿಂದ ಎಲ್ಲಿ ಉತ್ತರಿಸಬೇಕು ಎಂಬುದಕ್ಕೆ ನಾನು ಇಟ್ಟುಕೊಂಡ ನಿಯಮ ಕಟ್ಟುನಿಟ್ಟಾದದ್ದು. ಮುಂದೆ ಸಿಗ್ನಲ್, ತಿರುವು, ಹಳ್ಳಿ, ಶಾಲೆ, ಉಬ್ಬು, ಮಳೆ ಏನಾದರೂ ಇದ್ದರೆ ಕೇಳಿಸಿಕೊಳ್ಳುತ್ತೇನೆ, ಉತ್ತರಿಸುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಉತ್ತರಿಸುವುದೂ ತಪ್ಪೇ, ಹಸಿರು ಬಂದಾಗ ಆ 27 ಸೆಕೆಂಡು ಜೊತೆಗೇ ಹೊರಡುತ್ತದೆ. ಉತ್ತರಕ್ಕೆ ನಾಲ್ಕೈದು ಪದಗಳಿಗಿಂತ ಹೆಚ್ಚು ಬೇಕು ಎನಿಸಿದರೆ, ಅಥವಾ ಹಣ, ಆಸ್ಪತ್ರೆ, ಮನಸ್ತಾಪದ ಮಾತಾಗಿದ್ದರೆ ಕಾರು ನಿಲ್ಲಿಸುವುದೇ ಸರಿ.

ಫೋನ್ ಕೈಗೆ ತೆಗೆದುಕೊಂಡರೆ ಕಾನೂನೂ ಅಡ್ಡ ಬರುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಚಾಲನೆಯ ವೇಳೆ ಕೈಯಲ್ಲಿ ಹಿಡಿದ ಸಂವಹನ ಸಾಧನ ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ತಿರುಗಿ ಓದಿದ್ದು ಸರಿಯಾಗಿ ಕೇಳಲಿಲ್ಲ ಎಂದು ಹೋಲ್ಡರ್‌ನಿಂದ ಫೋನ್ ಎತ್ತಿ ನೋಡಿದ ಕ್ಷಣಕ್ಕೂ ಅದು ಅನ್ವಯಿಸುತ್ತದೆ.

ಐಫೋನ್, ಆಂಡ್ರಾಯ್ಡ್ ಆಟೋ ಇದ್ದವರಿಗೆ

ಐಫೋನ್‌ನ `Announce Notifications` ಕಾರ್‌ಪ್ಲೇ ಇರುವ ಕಾರಿನಲ್ಲಿ ತಾನಾಗಿ ಓದುತ್ತದೆ. ಸಾದಾ ಬ್ಲೂಟೂತ್ ಸ್ಟೀರಿಯೊದಲ್ಲಿ ಓದುವುದಿಲ್ಲ, ಅಲ್ಲಿ ಸ್ಟೀರಿಂಗ್ ಗುಂಡಿ ಒತ್ತಿ ಹಿಡಿದು ಸಂದೇಶ ಓದಲು ಹೇಳಬೇಕು. ಐಫೋನ್‌ನಲ್ಲಿರುವ `Driving` ಫೋಕಸ್ ಮಾತ್ರ ತುಂಬ ಉಪಯುಕ್ತ: ನೀವು ಆರಿಸಿದವರಿಗೆ ‘ಕಾರು ಓಡಿಸುತ್ತಿದ್ದೇನೆ’ ಎಂಬ ಉತ್ತರವನ್ನು ತಾನೇ ಕಳುಹಿಸುತ್ತದೆ. ಆ ವಾಕ್ಯವನ್ನು ಕನ್ನಡದಲ್ಲೇ ಬರೆದಿಡಬಹುದು. ಆಂಡ್ರಾಯ್ಡ್ ಆಟೋ ಇರುವ ಕಾರಿನಲ್ಲಿ ಸಂದೇಶದ ಸೂಚನೆ ಕಾರಿನ ಪರದೆಯ ಮೇಲೆ ಬರುತ್ತದೆ, ಮುಟ್ಟಿದರೆ ಓದುತ್ತದೆ, ಉತ್ತರ ಹೇಳಲು ಕೇಳುತ್ತದೆ. ಅಲ್ಲಿ ಮೇಲೆ ಹೇಳಿದ ಓದುವ ಆಪ್ ಬೇಡ. ಎರಡೂ ಇದ್ದರೆ ಒಂದೇ ಸಂದೇಶ ಎರಡು ಬಾರಿ ಕೇಳಿಸಬಹುದು.

ಮೈಸೂರಿನ ದಾರಿಯಲ್ಲಿ ಒಂದು ಸಂದೇಶ

ಕಳೆದ ಭಾನುವಾರ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆ. ಹೊರಡುವ ಮೊದಲು ಸ್ಟೀರಿಯೊ ಬ್ಲೂಟೂತ್‌ಗೆ ಇಟ್ಟು, ಮನೆಯವರಿಂದ ಒಂದು ಪರೀಕ್ಷೆಯ ಸಂದೇಶ ತರಿಸಿಕೊಂಡು ಕೇಳಿದೆ. ಮಂಡ್ಯ ದಾಟಿದ ಮೇಲೆ ಹಾಡು ತಗ್ಗಿ ಧ್ವನಿ ಬಂತು: ‘ಹೊಸ ಸಂದೇಶ ಬಂದಿದೆ. ಅಕ್ಕ. ಎಲ್ಲಿದ್ದೀಯಾ? ಊಟಕ್ಕೆ ಕಾಯಲಾ?’ ಮುಂದೊಂದು ಲಾರಿ ಪಥ ಬದಲಿಸುತ್ತಿತ್ತು. ಅದು ಎಡಕ್ಕೆ ಸರಿದು, ಅದನ್ನು ದಾಟಿ, ಮುಂದಿನ ರಸ್ತೆ ನೇರವಾಗಿ ಖಾಲಿ ಕಂಡ ಮೇಲೆ ವೇಗವನ್ನು 80ಕ್ಕೆ ಇಳಿಸಿ ಎಡ ಪಥಕ್ಕೆ ಬಂದೆ. ಗುಂಡಿ ಒತ್ತಿ ಹಿಡಿದು ಅಕ್ಕನ ಹೆಸರು ಹೇಳಿ, ‘ಒಂದು ಗಂಟೆ ಮೂವತ್ತು ನಿಮಿಷಕ್ಕೆ ಬರುತ್ತೇನೆ’ ಎಂದೆ. ತಿರುಗಿ ಓದಿದಾಗ ‘ಒಂದು ಗಂಟೆ ಮೂವತ್ತು ನಿಮಿಷಕ್ಕೆ ಬರುತ್ತೇನೆ’ ಎಂದೇ ಕೇಳಿಸಿತು. ಕಳುಹಿಸು ಎಂದೆ.

ಎರಡು ನಿಮಿಷದಲ್ಲಿ ಅವಳಿಂದ ಇನ್ನೊಂದು ಬಂತು, ಈ ಬಾರಿ ಧ್ವನಿ ಸಂದೇಶ. ಅದು ಬಂದಿದೆ ಎಂದಷ್ಟೇ ತಿಳಿಯಿತು. ಗಣಂಗೂರು ಟೋಲ್ ದಾಟಿ, ಹೆದ್ದಾರಿಯಿಂದ ಇಳಿದು ಶ್ರೀರಂಗಪಟ್ಟಣದ ಕಡೆ ಒಂದು ಹೋಟೆಲಿನ ಅಂಗಳದಲ್ಲಿ ಕಾರು ನಿಲ್ಲಿಸಿ ಕೇಳಿದೆ. ಬರುವಾಗ ವೀಳ್ಯದೆಲೆ ತರಬೇಕಂತೆ.